ಸತ್ತ ಕುರಿಯ ಪಾಲು, ಮುಂಗೈಯ ಕಪ್ಪು ಗುಳ್ಳೆ, ಡಾಕ್ಟರ ಸಿಕ್ಕಾ

ಪ್ರಶ್ನೆ: ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನಮ್ಮದು ಶಹಾಪುರ ತಾಲ್ಲೂಕಿನ ಹಳ್ಳಿ. ಎಂಟು ದಿನದ ಹಿಂದ ನಮ್ಮ ಓಣಿಯವರ ಹಿಂಡಿನಾಗ ಒಂದು ದೊಡ್ಡ ಕುರಿ ಬೆಳಗಾಗೂದ್ರಾಗ ಸತ್ತು ಬಿದ್ದಿತ್ತು. ಹಿಂದಿನ ಸಂಜಿ ಛಲೋ ಮೇಯ್ದಿತ್ತಂತ. ಮೂಗಿನಾಗ ಸ್ವಲ್ಪ ರಕ್ತ ಇತ್ತು. ಮೈ ಇನ್ನೂ ಬೆಚ್ಚಗ ಅದ ಅಂತ ಕೊಯ್ದು ಪಾಲು ಹಾಕಿದ್ರು. ಅಗ್ಗ ಸಿಕ್ತು ಅಂತ ನಮ್ಮವರೂ ಒಂದು ಪಾಲು ತಂದ್ರು. ಅರ್ಧ ಅಡಿಗಿ ಆತು, ಅರ್ಧ ಫ್ರಿಜ್ಜಿನ ಮ್ಯಾಲಿನ ಖಾನೆದಾಗ ಅದ. ಉಂಡವರು ಯಾರೂ ಮಲಗಿಲ್ಲ. ಆದ್ರ ಕುರಿ ಸುಲಿದ ನಮ್ಮ ಮೈದುನನ ಮುಂಗೈ ಮ್ಯಾಲ ಒಂದು ಗುಳ್ಳಿ ಎದ್ದದ, ನಡುವ ಕಪ್ಪಾಗ್ಯದ, ನೋವಿಲ್ಲ ಅಂತಾನ. ಅರಿಶಿಣ ಹಾಕಿ ಛಂದಾಗಿ ಕುದಿಸಿದ್ರ ಏನೂ ಆಗೂದಿಲ್ಲ ಅಂತ ಹಿರಿಯರು ಅಂತಾರ, ಖರೇನ? ಪ್ಯಾಟ್ಯಾಗ ಕಸಾಯಿಖಾನೆದಾಗ ಡಾಕ್ಟರು ನೋಡಿ ಮಟನ್‌ಗೆ ಸಿಕ್ಕಾ ಹೊಡಿತಾರಂತ, ಅವರು ಏನು ನೋಡ್ತಾರ?

ಉತ್ತರ: ಮುಂದಿನದನ್ನು ಆಮೇಲೆ ಓದಿ. ಮೊದಲು ನಿಮ್ಮ ಮೈದುನನನ್ನು ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಗುಳ್ಳೆ ಎದ್ದಿದೆ" ಎಂದಷ್ಟೇ ಹೇಳಿದರೆ ಮುಲಾಮು ಬರೆದು ಕಳಿಸಿಬಿಡಬಹುದು. "ತಾನಾಗಿ ಸತ್ತ ಕುರಿಯನ್ನು ಸುಲಿದಿದ್ದಾನೆ, ಅದರ ಮೂಗಿನಲ್ಲಿ ರಕ್ತ ಇತ್ತು, ಅಂಥ್ರಾಕ್ಸ್ ಇರಬಹುದೇ ನೋಡಿ" ಎಂದು ಬಾಯಿಬಿಟ್ಟು ಹೇಳಿ. ನಮ್ಮ ಕಡೆ ಇದನ್ನು ನೆರಡಿ ರೋಗ ಎನ್ನುತ್ತೇವೆ. ಪತ್ರ ಓದಿ ರೋಗ ಹೀಗೇ ಎಂದು ನಾನು ನಿರ್ಧರಿಸಲಾರೆ. ಆದರೆ ರಾತ್ರೋರಾತ್ರಿ ಸಾವು, ಮೂಗಿನಲ್ಲಿ ರಕ್ತ, ಸುಲಿದವನ ಕೈಮೇಲೆ ನೋವಿಲ್ಲದ ಕಪ್ಪು ನಡುವಿನ ಗುಳ್ಳೆ, ಈ ಮೂರೂ ಒಂದೇ ಮನೆಯ ಸುದ್ದಿಯಾಗಿ ಬಂದಾಗ, ಅಲ್ಲ ಎಂದು ರುಜುವಾತು ಆಗುವವರೆಗೆ ಅದನ್ನು ಅಂಥ್ರಾಕ್ಸ್ ಎಂದೇ ಹಿಡಿದು ನಡೆಯಬೇಕು.

ನೋವಿಲ್ಲ ಅನ್ನುವುದನ್ನು ಸಮಾಧಾನದ ಮಾತು ಎಂದು ತಿಳಿಯಬೇಡಿ. ಸಾಮಾನ್ಯ ಕುರು ಎದ್ದರೆ ನೋಯುತ್ತದೆ, ಕೀವು ತುಂಬುತ್ತದೆ. ಅಂಥ್ರಾಕ್ಸಿನ ಗುಳ್ಳೆ ಹಾಗಲ್ಲ. ಮೊದಲು ಸೊಳ್ಳೆ ಕಚ್ಚಿದಂತೆ ತುರಿಸುತ್ತದೆ, ಆಮೇಲೆ ನೀರುಗುಳ್ಳೆಯಾಗುತ್ತದೆ, ಅದು ಒಡೆದು ನಡುವೆ ಇದ್ದಿಲಿನಂಥ ಕಪ್ಪು ಹಕ್ಕಳೆ ಕಟ್ಟುತ್ತದೆ, ಸುತ್ತಲೂ ಬಾವು ಬರುತ್ತದೆ, ನೋವು ಮಾತ್ರ ಇರುವುದಿಲ್ಲ. ಅದಕ್ಕೇ ಜನ ಆಸ್ಪತ್ರೆಗೆ ಹೋಗುವುದು ತಡ ಮಾಡುತ್ತಾರೆ. ಬೇಗ ಹೋದರೆ ಸಾಧಾರಣ ಆಂಟಿಬಯೋಟಿಕ್‌ಗಳಲ್ಲೇ ಇದು ಪೂರ್ತಿ ವಾಸಿಯಾಗುತ್ತದೆ. ಔಷಧವಿಲ್ಲದೆ ಬಿಟ್ಟರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಸಾಯುವ ರೋಗ ಇದು. ಗುಳ್ಳೆಯನ್ನು ಹಿಚುಕಬೇಡಿ, ಕೊಯ್ಯಬೇಡಿ, ಸುಣ್ಣ ಹಚ್ಚಬೇಡಿ. ಒಣ ಬಟ್ಟೆ ಸುತ್ತಿ ಕರೆದೊಯ್ಯಿರಿ. ಅವರನ್ನು ಮನೆಯಲ್ಲಿ ದೂರ ಇಡಬೇಕಾಗಿಲ್ಲ, ಒಬ್ಬರಿಂದ ಒಬ್ಬರಿಗೆ ಇದು ಹಬ್ಬುವುದು ತೀರಾ ಅಪರೂಪ.

ಉಂಡವರೂ ಜೊತೆಗೆ ಹೋಗಿ. ಹೊಟ್ಟೆಗೆ ಹೋದ ಅಂಥ್ರಾಕ್ಸ್ ಸಾಮಾನ್ಯವಾಗಿ ಒಂದು ವಾರದೊಳಗೆ ಗೊತ್ತಾಗುತ್ತದೆ, ಆದ್ದರಿಂದ ಎಂಟು ದಿನ ಕಳೆದದ್ದು ನಿಮಗೆ ಒಳ್ಳೆಯದೇ. ಆದರೂ ಜ್ವರ, ಗಂಟಲು ನೋವು, ಕುತ್ತಿಗೆ ಬಾತುಕೊಳ್ಳುವುದು, ಹೊಟ್ಟೆ ಮುರಿತ, ವಾಂತಿ ಇಲ್ಲವೇ ಭೇದಿಯಲ್ಲಿ ರಕ್ತ ಕಂಡರೆ ಒಂದು ತಾಸೂ ಕಾಯಬೇಡಿ. ಲಕ್ಷಣ ಇಲ್ಲದವರಿಗೂ ಮುಂಜಾಗ್ರತೆಗೆ ಮಾತ್ರೆ ಕೊಡುವುದೋ ಬೇಡವೋ ಎಂಬುದು ನಿಮ್ಮನ್ನು ನೋಡಿದ ವೈದ್ಯರ ತೀರ್ಮಾನ.

ಫ್ರಿಜ್ಜಿನಲ್ಲಿರುವ ಪೊಟ್ಟಣ ಬಿಚ್ಚಬೇಡಿ. ತೊಳೆಯಬೇಡಿ, ತಿಪ್ಪೆಗೆ ಎಸೆಯಬೇಡಿ, ನಾಯಿಗೆ ಹಾಕಬೇಡಿ. ಇದ್ದ ಹಾಗೆಯೇ ಇನ್ನೆರಡು ಚೀಲದಲ್ಲಿ ಕಟ್ಟಿಡಿ. ಊರಿನ ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಫೋನ್ ಮಾಡಿ ಸುದ್ದಿ ಮುಟ್ಟಿಸಿ. ಅವರು ಬಂದು ಸುಡಿಸುತ್ತಾರೆ. ಪರೀಕ್ಷೆಗೆ ತುಣುಕು ಬೇಕಾದರೆ ಅವರೇ ತೆಗೆದುಕೊಳ್ಳಲಿ. ಮಾಂಸ ಕಡಿದ ಮರದ ಹಲಗೆ ಇದ್ದರೆ ಅದನ್ನೂ ಅವರ ಮುಂದೆಯೇ ಬೆಂಕಿಗೆ ಹಾಕಿ.

ಈಗ ಅರಿಶಿಣದ ಮಾತು. ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರು ಕಂಡದ್ದನ್ನು ಹೇಳುತ್ತಾರೆ. ಸತ್ತ ಕುರಿಯನ್ನು ಕುದಿಸಿ ಉಂಡು ಏನೂ ಆಗದ ಎಷ್ಟೋ ಊಟ ಅವರ ನೆನಪಿನಲ್ಲಿವೆ. ಏಕೆಂದರೆ ಸತ್ತ ಪ್ರತಿ ಕುರಿಯೂ ಅಂಥ್ರಾಕ್ಸಿನಿಂದ ಸಾಯುವುದಿಲ್ಲ, ಕುದಿಯುವ ಎಸರಿನಲ್ಲಿ ಬಹಳಷ್ಟು ಸೂಕ್ಷ್ಮಾಣುಗಳು ಸಾಯುವುದೂ ಹೌದು. ಆದರೆ ನಿಮ್ಮ ಮನೆಯಲ್ಲೇ ನೋಡಿ. ಗುಳ್ಳೆ ಎದ್ದದ್ದು ಉಂಡವರಿಗಲ್ಲ, ಸುಲಿದವನಿಗೆ. ಬೆಂಕಿಗೆ ಹೋಗುವ ಮೊದಲು ಆ ಮಾಂಸ ಎಷ್ಟು ಕೈ ದಾಟಿ ಬಂತು ಎಣಿಸಿ. ಸುಲಿದವರು, ಪಾಲು ಹಾಕಿದವರು, ಹೊತ್ತು ತಂದವರು, ಮನೆಯಲ್ಲಿ ತೊಳೆದು ಹೆಚ್ಚಿದವರು. ಕೈಮೇಲೆ ಒಂದು ತರಚು ಗಾಯ ಇದ್ದರೂ ಸಾಕು. ಕುದಿಸುವುದು ಕೊನೆಯ ಹೆಜ್ಜೆ, ಅಪಾಯ ಮೊದಲನೆಯ ಹೆಜ್ಜೆಯಲ್ಲೇ ಇತ್ತು.

ಇನ್ನೊಂದು ಸಂಗತಿ ಇದೆ, ಇದನ್ನು ನಿಧಾನವಾಗಿ ಹೇಳಬೇಕು. ಅಂಥ್ರಾಕ್ಸ್ ರೋಗಾಣು ಪ್ರಾಣಿಯ ರಕ್ತದಲ್ಲಿರುವಾಗ ಅಷ್ಟೇನೂ ಗಟ್ಟಿಯಲ್ಲ. ಕಳೇಬರವನ್ನು ಕೊಯ್ಯದೆ ಹಾಗೇ ಬಿಟ್ಟರೆ, ನಮ್ಮ ಬಿಸಿಲಿಗೆ ಒಳಗೆ ಕೊಳೆಯುವಾಗ ಅದು ಕೆಲವೇ ದಿನದಲ್ಲಿ ತಾನಾಗಿ ಸಾಯುತ್ತದೆ. ಆದರೆ ಹೊಟ್ಟೆ ಸೀಳಿ ರಕ್ತಕ್ಕೆ ಗಾಳಿ ತಾಗಿಸಿದರೆ, ಅದು ಜೋಳದ ಕಾಳಿನ ಹಾಗೆ ಗಟ್ಟಿ ಕವಚ ಕಟ್ಟಿಕೊಂಡು ಬೀಜಾಣುವಾಗುತ್ತದೆ. ಬೀಜಾಣುವಿಗೆ ಬಿಸಿಲು ನಾಟುವುದಿಲ್ಲ, ಫ್ರಿಜ್ಜಿನ ತಂಪು ನಾಟುವುದಿಲ್ಲ, ಉಪ್ಪು ಖಾರ ಅರಿಶಿಣ ನಾಟುವುದಿಲ್ಲ. ಮಾಂಸವನ್ನು ಖಾರ ಹಚ್ಚಿ ದಾರಕ್ಕೆ ಪೋಣಿಸಿ ಒಣಗಿಸಿಟ್ಟರೂ ಅದು ಒಳಗೆ ಕೂತೇ ಇರುತ್ತದೆ. ಮಣ್ಣಿಗೆ ಬಿದ್ದರೆ ಹತ್ತಾರು ವರ್ಷ ಬದುಕುತ್ತದೆ. ಅದರಲ್ಲೂ ಸುಣ್ಣದ ಅಂಶ ಹೆಚ್ಚಿರುವ ನಮ್ಮ ಎರೆಮಣ್ಣು ಅದಕ್ಕೆ ಹೇಳಿ ಮಾಡಿಸಿದ ಜಾಗ. ಕುಕ್ಕರಿನಲ್ಲಿ ಬಹಳ ಹೊತ್ತು ಬೇಯಿಸಿದರೆ ಬೀಜಾಣುವೂ ಸತ್ತೀತು. ಆದರೆ ಆ ತುಂಡನ್ನು ಕುಕ್ಕರಿಗೆ ಹಾಕುವವರು ಯಾರು ಎಂಬಲ್ಲಿಗೇ ಮಾತು ಮತ್ತೆ ಬಂದು ನಿಲ್ಲುತ್ತದೆ.

ನಾನು ಸೇವೆಯಲ್ಲಿದ್ದಾಗ ಇಂಥದೇ ಒಂದು ಊರಿಗೆ ಹೋಗಿದ್ದೆ. ಬೇಸಿಗೆ ಮುಗಿದು ಮೊದಲ ಎರಡು ಮಳೆ ಬಿದ್ದಿದ್ದವು. ಒಣಗಿದ ಕೆರೆಯಂಗಳದಲ್ಲಿ ಹುಲ್ಲು ಆಗಷ್ಟೇ ಬೆರಳುದ್ದ ಚಿಗುರಿತ್ತು. ಅಷ್ಟು ಗಿಡ್ಡ ಹುಲ್ಲನ್ನು ಕುರಿ ಬುಡಕ್ಕೇ ಬಾಯಿ ಹಾಕಿ ಮಣ್ಣಿನ ಸಮೇತ ಕೀಳುತ್ತದೆ. ಎಷ್ಟೋ ವರ್ಷದ ಹಿಂದೆ ಅಲ್ಲಿ ಬಿದ್ದಿದ್ದ ಬೀಜಾಣುಗಳು ಮಳೆನೀರಿಗೆ ಮೇಲೆ ಬಂದಿದ್ದವು. ಎರಡು ದಿನದಲ್ಲಿ ಮೂರು ಕುರಿ ಹೋದವು. ಮೂರನೆಯದನ್ನು ಕುರಿಗಾಹಿ ಕೊಯ್ಯದೆ ಇಟ್ಟಿದ್ದ. ಹೊಟ್ಟೆ ಉಬ್ಬಿತ್ತು, ಕಾಲುಗಳು ಸೆಟೆದಿರಲಿಲ್ಲ, ಮೂಗಿನಿಂದ ಇಳಿದ ರಕ್ತ ಡಾಂಬರಿನಂತೆ ಕಪ್ಪಾಗಿ, ಹೆಪ್ಪುಗಟ್ಟದೆ ಹಸಿಯಾಗೇ ಇತ್ತು. ನಾವು ಹೊಟ್ಟೆ ಕೊಯ್ದು ನೋಡಲಿಲ್ಲ. ಕೈಗವಸು ಹಾಕಿ ಕಿವಿಯ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು, ಚುಚ್ಚಿದ ಜಾಗಕ್ಕೆ ಔಷಧದ ಹತ್ತಿ ಒತ್ತಿದೆವು. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನೀಲಿ ಕಡ್ಡಿಗಳು ಬಿದಿರಿನ ಗಣ್ಣುಗಳಂತೆ ಸಾಲಾಗಿ ಕಂಡವು, ಪ್ರತಿ ಕಡ್ಡಿಯ ಸುತ್ತ ತಿಳಿ ಗುಲಾಬಿ ಬಣ್ಣದ ಒಂದು ಮಬ್ಬು. ಆ ಗುಲಾಬಿ ಮಬ್ಬೇ ಅಂಥ್ರಾಕ್ಸಿನ ಗುರುತು. ಮೊದಲೆರಡು ಕುರಿ ಎಲ್ಲಿ ಎಂದು ಕೇಳಿದರೆ, ಪಾಲಾಗಿ ಹೋಗಿದ್ದವು. ಮನೆಮನೆ ತಿರುಗಿದಾಗ ಸುಲಿದ ಇಬ್ಬರ ಕೈಯಲ್ಲಿ ನಿಮ್ಮ ಮೈದುನನ ಕೈಯಲ್ಲಿರುವಂಥದೇ ಗುಳ್ಳೆ ಇತ್ತು. ಇಬ್ಬರೂ ಗುಣವಾದರು, ಆದರೆ ಒಬ್ಬರ ಬಾವು ಮೊಣಕೈ ದಾಟಿದ ಮೇಲೆ.

"ಮೈ ಬೆಚ್ಚಗಿತ್ತು" ಎಂದು ಬರೆದಿದ್ದೀರಿ. ಇದನ್ನು ಬಹಳ ಜನ ಹೇಳುತ್ತಾರೆ. ಬೆಚ್ಚಗಿರುವುದು ಬೇರೆ, ಜೀವ ಇರುವುದು ಬೇರೆ. ಕುತ್ತಿಗೆ ಕೊಯ್ದಾಗ ರಕ್ತವನ್ನು ಹೊರಗೆ ತಳ್ಳುವುದು ಬಡಿಯುತ್ತಿರುವ ಹೃದಯ. ಮೂವತ್ತು ಕಿಲೋ ಕುರಿಯ ಮೈಯಲ್ಲಿ ಸುಮಾರು 2 ಲೀಟರ್ ರಕ್ತ ಇರುತ್ತದೆ. ಜೀವಂತ ಇರುವಾಗ ಸರಿಯಾಗಿ ಕೊಯ್ದರೆ ಅದರಲ್ಲಿ ಅರ್ಧದಷ್ಟು ಒಂದೆರಡು ನಿಮಿಷದಲ್ಲಿ ಹರಿದುಹೋಗುತ್ತದೆ. ಹೃದಯ ನಿಂತ ಮೇಲೆ ಕೊಯ್ದರೆ ಕುತ್ತಿಗೆಯ ಸುತ್ತಲಿನದಷ್ಟೇ ತೊಟ್ಟಿಕ್ಕುತ್ತದೆ, ಉಳಿದದ್ದೆಲ್ಲ ಮಾಂಸದೊಳಗೇ ನಿಲ್ಲುತ್ತದೆ. ಸೂಕ್ಷ್ಮಾಣು ಬೆಳೆಯಲು ರಕ್ತಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ. ಅದೇ ಹೊತ್ತಿಗೆ ಕರುಳಿನ ಗೋಡೆ ಸಡಿಲವಾಗಿ, ಅಲ್ಲಿಯವರೆಗೆ ಒಳಗಿದ್ದ ರೋಗಾಣುಗಳು ಮಾಂಸದ ಕಡೆ ದಾರಿ ಹಿಡಿಯುತ್ತವೆ. ನಮ್ಮ ಸೀಮೆಯ ಬೇಸಿಗೆಯ ರಾತ್ರಿಯೂ ಬಿಸಿಯೇ. ಯಾವ ಹೊತ್ತಿಗೆ ಸತ್ತಿತೋ ಗೊತ್ತಿಲ್ಲದ ಕುರಿ ಬೆಳಗಾಗುವ ಹೊತ್ತಿಗೆ ಎಷ್ಟು ಕೆಟ್ಟಿರುತ್ತದೆ ಎಂಬುದನ್ನು ಮೈ ಮುಟ್ಟಿ ಹೇಳಲಾಗದು.

ಇದಕ್ಕೆ ಉತ್ತರವಾಗಿ ಕೆಲವರು, ಸಾಯುವ ಲಕ್ಷಣ ಕಂಡ ಕೂಡಲೇ ಕತ್ತಿ ಹಾಕಿದರೆ ಸರಿಯಲ್ಲವೇ ಅನ್ನುತ್ತಾರೆ. ರಕ್ತ ಹರಿಯುತ್ತದೆ, ನಿಜ. ಆದರೆ ಜ್ವರದಲ್ಲಿ ಬಿದ್ದ ಕುರಿಯ ರಕ್ತದಲ್ಲಿ ರೋಗಾಣು ಆಗಲೇ ಮೈತುಂಬ ಹರಡಿರುತ್ತದೆ, ಅಂಥ್ರಾಕ್ಸಿನಲ್ಲಂತೂ ಸಾವಿನ ಹಿಂದುಮುಂದಿನ ಗಂಟೆಗಳಲ್ಲೇ ಅದು ಅತಿ ಹೆಚ್ಚು. ಇನ್ನೊಂದು ಕಾರಣ ಮಾಂಸದ ಒಳಗಿನದು. ಆರಾಮವಾಗಿದ್ದ, ಉಂಡುತಿಂದು ದಣಿವಾರಿಸಿಕೊಂಡ ಕುರಿಯ ಸ್ನಾಯುವಿನಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಕೊಯ್ದ ಮೇಲೆ ಆ ಸಕ್ಕರೆ ನಿಧಾನಕ್ಕೆ ಹುಳಿಯಾಗಿ ತಿರುಗುತ್ತದೆ. ಹುಳಿಯ ಅಳತೆಯಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ಅದು 7ರ ಆಸುಪಾಸಿನಿಂದ ಒಂದು ದಿನದೊಳಗೆ 5.5ರಿಂದ 5.8ಕ್ಕೆ ಇಳಿಯುತ್ತದೆ. ಮಾಂಸ ತಾನೇ ತನ್ನನ್ನು ಕಾಯ್ದುಕೊಳ್ಳುವ ರೀತಿ ಇದು, ಮೊಸರು ಹುಳಿಯಾಗಿ ಉಳಿಯುವ ಹಾಗೆ. ಜ್ವರದಲ್ಲಿ ನರಳಿದ, ಮೇವು ಬಿಟ್ಟ, ಓಡಾಡಿ ದಣಿದ ಪ್ರಾಣಿಯಲ್ಲಿ ಆ ಸಕ್ಕರೆ ಮೊದಲೇ ಖರ್ಚಾಗಿರುತ್ತದೆ. ಅದರ ಮಾಂಸ ಹುಳಿಯಾಗುವುದಿಲ್ಲ, ಕಪ್ಪು ಕೆಂಪಾಗಿ, ಮುಟ್ಟಿದರೆ ಅಂಟಂಟಾಗಿ ಇರುತ್ತದೆ, ಬೇಗ ನಾರುತ್ತದೆ.

ಕುದಿಸಿದರೂ ಹೋಗದ ಒಂದು ವಿಷದ ಮಾತು ಹೇಳದಿದ್ದರೆ ಈ ಉತ್ತರ ಪೂರ್ತಿಯಾಗದು. ನಮ್ಮ ಕಡೆ ತೊಗರಿ, ಹತ್ತಿ ಹೊಲಕ್ಕೆ ಔಷಧಿ ಹೊಡೆದ ಮರುದಿನ ಹಿಂಡು ನುಗ್ಗಿ ಕುರಿ ಸತ್ತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬಾಯಲ್ಲಿ ನೊರೆ ಬಂದು, ನಡುಗಿ, ಭೇದಿಯಾಗಿ ಸಾಯುತ್ತವೆ. ಅದು ರೋಗವಲ್ಲವಲ್ಲ, ಅಂಟುಜಾಡ್ಯ ಅಲ್ಲವಲ್ಲ ಎಂದು ಕೊಯ್ದು ಹಂಚಿಬಿಡುತ್ತಾರೆ. ರೋಗಾಣುವಾದರೆ ಬೆಂಕಿಗೆ ಸಾಯುವ ಸಾಧ್ಯತೆಯಾದರೂ ಇದೆ. ಕೀಟನಾಶಕ ಎಸರಿನಲ್ಲಿ ಕರಗಿ ತಟ್ಟೆಗೇ ಬರುತ್ತದೆ. ರೋಗ ಬಂದಾಗ ಚುಚ್ಚಿದ ಔಷಧದ್ದೂ ಇದೇ ಕಥೆ. ನಿನ್ನೆ ಸೂಜಿ ಹಾಕಿಸಿಕೊಂಡ ಕುರಿ ಇವತ್ತು ಅಂಗಡಿಗೆ ಹೋಗಬಾರದು. ಎಷ್ಟು ದಿನ ಕಾಯಬೇಕು ಎಂಬುದು ಔಷಧಿಯಿಂದ ಔಷಧಿಗೆ ಬೇರೆ, ಬಾಟಲಿಯ ಮೇಲೆ ಬರೆದಿರುತ್ತದೆ, ಹಾಕಿದ ಡಾಕ್ಟರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಸಿಕ್ಕಾದ ಮಾತಿಗೆ ಬರೋಣ. ಸಿಕ್ಕಾ ಕೊನೆಯ ಎರಡು ಕ್ಷಣದ ಕೆಲಸ. ಅದರ ಹಿಂದೆ ಎರಡು ನೋಟ ಇವೆ: ಕುರಿ ಜೀವಂತ ಇರುವಾಗ ಒಂದು, ಕೊಯ್ದ ಮೇಲೆ ಒಂದು. ಮೊದಲನೆಯದೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಏಕೆಂದರೆ ಅಂಥ್ರಾಕ್ಸಿನಂಥ ರೋಗವನ್ನು ಕೊಯ್ದ ಮೇಲೆ ಕಂಡುಹಿಡಿದರೆ ಅಷ್ಟರಲ್ಲಿ ಕತ್ತಿ, ನೆಲ, ಕೊಯ್ದವರ ಕೈ ಎಲ್ಲಕ್ಕೂ ಅದು ಅಂಟಿಯಾಗಿರುತ್ತದೆ.

ಜೀವಂತ ನೋಟ ಕುರಿಗಳು ದೊಡ್ಡಿಯಲ್ಲಿ ಸುಮ್ಮನೆ ನಿಂತಿರುವಾಗ ಶುರುವಾಗುತ್ತದೆ. ಹಿಂಡಿನಿಂದ ಬೇರೆಯಾಗಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತದ್ದು ಯಾವುದು, ಮೆಲುಕು ಹಾಕದೆ ಇರುವುದು ಯಾವುದು, ಪಕ್ಕೆ ಹೊಡೆದುಕೊಳ್ಳುತ್ತಿರುವುದು ಯಾವುದು ಎಂದು ಮೊದಲು ಕಣ್ಣಿನಲ್ಲೇ ಆರಿಸುತ್ತೇವೆ. ಆಮೇಲೆ ನಡೆಸಿ ನೋಡುತ್ತೇವೆ, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಏಕೆಂದರೆ ಒಂದು ಮಗ್ಗುಲಿನ ಬಾವು ಇನ್ನೊಂದು ಮಗ್ಗುಲಿನಿಂದ ಕಾಣುವುದಿಲ್ಲ. ಮೂಗಿನಲ್ಲಿ ಸಿಂಬಳ, ಕಣ್ಣಿನಲ್ಲಿ ಪಿಸುರು, ಬಾಯೊಳಗೆ ಹುಣ್ಣು, ಗೊರಸಿನ ನಡುವೆ ಗಾಯ, ಬಾಲಕ್ಕೆ ಮೆತ್ತಿದ ಭೇದಿ, ಇವನ್ನು ನೋಡುತ್ತೇವೆ. ಅನುಮಾನ ಬಂದದ್ದಕ್ಕೆ ಜ್ವರ ಅಳೆಯುತ್ತೇವೆ. ಕುರಿಗೆ 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸಹಜ, ಬಿಸಿಲಲ್ಲಿ ನಡೆದು ಬಂದಿದ್ದರೆ ತುಸು ಹೆಚ್ಚಿರುತ್ತದೆ. ಅಂಥದಕ್ಕೆ ನೆರಳು, ನೀರು ಕೊಟ್ಟು ಮತ್ತೆ ಅಳೆಯಬೇಕು. ವಿಶ್ರಾಂತಿಯ ಮೇಲೂ ಇಳಿಯದಿದ್ದರೆ ಅದು ಕತ್ತಿಯ ಕಡೆ ಹೋಗುವಂತಿಲ್ಲ. 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಕುರಿ, ಮೂರು ತಿಂಗಳೊಳಗಿನ ಮರಿ, ಅಂಥ ಮರಿ ಇರುವ ತಾಯಿ, ಇವನ್ನೂ ಕೊಯ್ಯುವಂತಿಲ್ಲ. ಒಬ್ಬ ಪಶುವೈದ್ಯರು ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಅಂದರೆ ಒಂದಕ್ಕೆ ಐದು ನಿಮಿಷ. ಹಬ್ಬದ ಹಿಂದಿನ ದಿನ, ಭಾನುವಾರದ ನಸುಕಿನಲ್ಲಿ ಆ ಐದು ನಿಮಿಷ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅಲ್ಲಿ ನಿಂತವರಿಗೇ ಗೊತ್ತು.

ಎರಡನೆಯ ನೋಟದಲ್ಲಿ ಕೈ, ಮೂಗು, ಸಣ್ಣ ಚಾಕು ಕೆಲಸ ಮಾಡುತ್ತವೆ. ಸುಲಿದ ಕುರಿ ಕೊಕ್ಕೆಗೆ ನೇತಾಡುತ್ತಿರುತ್ತದೆ. ಅದರ ತಲೆ, ಕಲೇಜಿ, ಪುಪ್ಪುಸ, ಗುಲ್ಮ, ಗುರ್ದಾ ಅದರ ಪಕ್ಕದಲ್ಲೇ ಇರಬೇಕು, ಬೇರೆ ಕುರಿಯದರ ಜೊತೆ ಬೆರೆತರೆ ಪರೀಕ್ಷೆಗೆ ಅರ್ಥವೇ ಇಲ್ಲ. ಪುಪ್ಪುಸವನ್ನು ಎರಡೂ ಅಂಗೈ ನಡುವೆ ಹಿಡಿದು ಒತ್ತುತ್ತಾ ಹೋಗುತ್ತೇವೆ. ಆರೋಗ್ಯದ್ದು ಹತ್ತಿಯ ಹಾಗೆ ತಗ್ಗುತ್ತದೆ, ನ್ಯುಮೋನಿಯಾ ಆದದ್ದು ಕಲೇಜಿಯ ಹಾಗೆ ಗಟ್ಟಿ ಸಿಗುತ್ತದೆ. ಕಲೇಜಿಯ ಒಳಮೈಯಲ್ಲಿ ಪಿತ್ತನಾಳಕ್ಕೆ ಅಡ್ಡಲಾಗಿ ಒಂದು ಗೀರು ಹಾಕಿ ಹೆಬ್ಬೆರಳಿನಲ್ಲಿ ಒತ್ತಿದರೆ, ಕೆರೆದಂಡೆಯಲ್ಲಿ ಮೇಯ್ದ ಕುರಿಯಾಗಿದ್ದರೆ ಎಲೆಯಾಕಾರದ ಚಪ್ಪಟೆ ಹುಳು ಜಾರಿ ಹೊರಬರುತ್ತದೆ. ಗುಲ್ಮವನ್ನು, ಅಂಗಡಿಯವರು ತಿಲ್ಲಿ ಅನ್ನುವುದನ್ನು, ನಾನು ಯಾವತ್ತೂ ಬಿಟ್ಟವನಲ್ಲ. ಅದು ಚಪ್ಪಟೆಯಾಗಿ ಅಂಚು ಚೂಪಾಗಿರಬೇಕು. ಊದಿಕೊಂಡು, ಕೊಯ್ದರೆ ಒಳಗಿನದು ಕಪ್ಪು ರಾಡಿಯಂತೆ ಸುರಿದರೆ ಅದು ಅಂಥ್ರಾಕ್ಸ್ ಇರಬಹುದು, ಎಲ್ಲ ಕೆಲಸ ಅಲ್ಲಿಗೇ ನಿಲ್ಲಬೇಕು. ಭುಜದ ಮುಂದಿನ ಗಂಟು, ದವಡೆಯ ಕೆಳಗಿನ ಗಂಟು ಕೊಯ್ದು ಕೀವು ಇದೆಯೇ ನೋಡುತ್ತೇವೆ. ಕೊಬ್ಬು ಬೆಳ್ಳಗಿದೆಯೇ, ಅರಿಶಿಣ ಬಣ್ಣಕ್ಕೆ ತಿರುಗಿದೆಯೇ, ಪಕ್ಕೆಲುಬಿನ ನಡುವಿನ ರಕ್ತನಾಳಗಳು ಖಾಲಿಯಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತೇವೆ. ಇಷ್ಟಾದ ಮೇಲೆ ತೊಡೆ, ಭುಜದ ಮೇಲೆ ಸಿಕ್ಕಾ.

ಎಲ್ಲ ದೋಷಕ್ಕೂ ಇಡೀ ಕುರಿ ಎಸೆಯುವುದಿಲ್ಲ. ಹುಳು ಇರುವ ಕಲೇಜಿ ಎಸೆದು ಉಳಿದದ್ದನ್ನು ಬಿಡುವುದುಂಟು. ಮೈಯೆಲ್ಲ ಕೆಂಪೇರಿದ ಜ್ವರದ ಮಾಂಸ, ಕಾಮಾಲೆಯ ಮಾಂಸ, ರಕ್ತ ಹರಿಯದ ಮಾಂಸ ಪೂರ್ತಿ ಹೋಗಬೇಕು. ಒಂದು ಮಾತು ಇಲ್ಲಿ ಒತ್ತಿ ಹೇಳುತ್ತೇನೆ. ಕಲೇಜಿ, ಪುಪ್ಪುಸದಲ್ಲಿ ಕೆಲವೊಮ್ಮೆ ಬಿಳಿ ಗೋಡೆಯ ನೀರುಗುಳ್ಳೆ ಇರುತ್ತದೆ, ನಿಂಬೆಹಣ್ಣಿನಷ್ಟು ದೊಡ್ಡದೂ ಆಗುತ್ತದೆ. ಅಂಗಡಿಯವರು ಅದನ್ನು ಕತ್ತರಿಸಿ ಹೊರಗೆ ಕಾಯುತ್ತಿರುವ ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳುವಾಗುತ್ತದೆ, ನಾಯಿಯ ಹೇಲಿನಿಂದ ಅದರ ಮೊಟ್ಟೆ ಮಣ್ಣಿಗೆ, ಕೈಗೆ, ಆಡುವ ಮಕ್ಕಳ ಬಾಯಿಗೆ ಹೋಗುತ್ತದೆ, ಅದೇ ನೀರುಗುಳ್ಳೆ ಮನುಷ್ಯರ ಕಲೇಜಿಯಲ್ಲಿ ವರ್ಷಗಟ್ಟಲೆ ಬೆಳೆಯುತ್ತದೆ. ಕುರಿಯ ಗುಳ್ಳೆ ತಿಂದು ಮನುಷ್ಯರಿಗೆ ಬರುವುದಲ್ಲ ಇದು, ನಾಯಿಯ ಮೂಲಕ ಬರುವುದು. ಆದ್ದರಿಂದ ಮನೆಗೆ ತಂದ ಕಲೇಜಿಯಲ್ಲಿ ಅಂಥದು ಕಂಡರೂ ನಾಯಿಗೆ ಹಾಕಬೇಡಿ, ಒಲೆಗೆ ಹಾಕಿ.

ಸಿಕ್ಕಾಕ್ಕೂ ಮಿತಿ ಇದೆ. ಕಣ್ಣಿಗೆ, ಕೈಗೆ, ಮೂಗಿಗೆ ಸಿಗುವುದನ್ನಷ್ಟೇ ಅಲ್ಲಿ ಹಿಡಿಯಬಹುದು. ಔಷಧದ ಶೇಷ, ಸುಲಿಯುವಾಗ ಚರ್ಮದಿಂದ ಅಂಟಿದ ಭೇದಿಯ ರೋಗಾಣು, ಸಿಕ್ಕಾ ಬಿದ್ದ ಮೇಲೆ ಅಂಗಡಿಯ ಕೊಕ್ಕೆಗೆ ಬಿಸಿಲಿನಲ್ಲಿ ನೇತಾಡಿದ ಆರು ತಾಸು, ಇವು ಅದರಲ್ಲಿ ಬರುವುದಿಲ್ಲ. ನಿಮ್ಮಂಥ ಹಳ್ಳಿಗಳಲ್ಲಿ ಸಿಕ್ಕಾ ಕಾಣುವುದೂ ಇಲ್ಲ, ಅಂಗಡಿಯ ಮುಂದೆಯೇ ಕೊಯ್ಯುತ್ತಾರೆ. ಹಾಗಿದ್ದಾಗ ಕೊಳ್ಳುವವರು ಕೆಲವನ್ನು ತಾವೇ ನೋಡಬಹುದು. ಕುತ್ತಿಗೆ ಕೊಯ್ದ ಅಂಚನ್ನು ನೋಡಿ. ಜೀವಂತ ಕೊಯ್ದದ್ದಾದರೆ ಅಂಚಿನ ಮಾಂಸ ಒಳಕ್ಕೆ ಎಳೆದುಕೊಂಡು, ರಕ್ತ ಇಂಗಿ ಕೆಂಪಾಗಿರುತ್ತದೆ. ಸತ್ತ ಮೇಲೆ ಕೊಯ್ದದ್ದಾದರೆ ಅಂಚು ಸಪಾಟಾಗಿ, ತೊಳೆದ ಹಾಗೆ ಇರುತ್ತದೆ. ಎರಡೂ ಮಗ್ಗುಲು ಹೋಲಿಸಿ ನೋಡಿ. ಸತ್ತು ಒಂದು ಮಗ್ಗುಲಾಗಿ ಬಿದ್ದಿದ್ದ ಕುರಿಯಲ್ಲಿ ಕೆಳಗಿದ್ದ ಕಡೆ ರಕ್ತ ಇಳಿದು ನೀಲಿಗಪ್ಪಾಗಿರುತ್ತದೆ, ಇನ್ನೊಂದು ಕಡೆ ಪೇಲವವಾಗಿರುತ್ತದೆ. ಪಕ್ಕೆಲುಬಿನ ನಡುವೆ ಕಪ್ಪು ಗೆರೆಗಳಂತೆ ರಕ್ತನಾಳ ಎದ್ದು ಕಂಡರೆ, ಕೊಬ್ಬು ಗುಲಾಬಿಯಾಗಿದ್ದರೆ ಬೇಡ. ಮೊದಲೇ ಕಡಿದು ಗುಡ್ಡೆ ಹಾಕಿದ ಮಾಂಸದಲ್ಲಿ ಇದ್ಯಾವುದೂ ಕಾಣುವುದಿಲ್ಲ. ತಲೆ, ಕಲೇಜಿ ಎಲ್ಲಿ ಎಂದು ಕೇಳಿ. ತೋರಿಸದ ಕಡೆ ಅಗ್ಗವಾದರೂ ಕೊಳ್ಳಬೇಡಿ.

ಮುಂದೆ ಇಂಥದು ಆದರೆ ಏನು ಮಾಡಬೇಕು ಎಂದು ಕುರಿ ಕಳೆದುಕೊಂಡ ಓಣಿಯವರಿಗೂ ಹೇಳಿ. ದೊಡ್ಡ ಕುರಿಯೆಂದರೆ ಸಾವಿರಾರು ರೂಪಾಯಿ, ಅದು ಸುಮ್ಮನೆ ಮಣ್ಣಾಗುವುದನ್ನು ನೋಡಿ ನಿಲ್ಲುವುದು ಸುಲಭವಲ್ಲ. ಪಾಲು ಹಾಕಿದ್ದರ ಹಿಂದೆ ಇರುವುದು ಆಸೆಬುರುಕತನ ಅಲ್ಲ, ಆ ನಷ್ಟ. ಆಕಸ್ಮಿಕವಾಗಿ ಸತ್ತ ಕುರಿಗೆ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಇದೆ, ಆದರೆ ಪಶುವೈದ್ಯರು ಬಂದು ನೋಡಿ ಬರೆದುಕೊಡಬೇಕು. ಪಾಲು ಹಾಕಿದ ಮೇಲೆ ಅವರಿಗೆ ನೋಡಲು ಏನೂ ಉಳಿಯುವುದಿಲ್ಲ. ಗಾಡಿಗೆ ಸಿಕ್ಕು ಕಾಲು ಮುರಿದುಕೊಂಡ, ಅಲ್ಲಿಯವರೆಗೆ ಆರೋಗ್ಯವಾಗಿದ್ದ ಕುರಿಯ ಮಾತು ಬೇರೆ. ಜೀವ ಇರುವಾಗಲೇ, ಜ್ವರ ಏರುವ ಮೊದಲು, ಡಾಕ್ಟರು ನೋಡಿ ಕೊಯ್ದರೆ ಅದರ ಮಾಂಸ ತಿನ್ನಬಹುದು. ರೋಗದಲ್ಲಿ ನರಳುತ್ತಿರುವುದಕ್ಕೆ ಚಿಕಿತ್ಸೆ ಕೊಡಿಸಬೇಕು. ತಾನಾಗಿ ಸತ್ತದ್ದನ್ನು ಕೊಯ್ಯಬಾರದು. ಮೂಗು ಬಾಯಿ ಗುದಕ್ಕೆ ಬಟ್ಟೆ ತುರುಕಿ, ಎಳೆದಾಡದೆ, ಡಾಕ್ಟರು ನೋಡಿದ ಮೇಲೆ ಅಲ್ಲೇ ಹತ್ತಿರದಲ್ಲಿ ಸುಡಬೇಕು. ಕಟ್ಟಿಗೆ ಇಲ್ಲದಿದ್ದರೆ ಬಾವಿ ಹಳ್ಳದಿಂದ ದೂರ ಕನಿಷ್ಠ ಆರಡಿ ಆಳದ ಗುಂಡಿ ತೋಡಿ ಹೂಳಿ, ನಾಯಿ ಕೆದರದಂತೆ ಮೇಲೆ ಕಲ್ಲು, ಮುಳ್ಳು ಹಾಕಬೇಕು.

ಓಣಿಯವರ ಹಿಂಡಿನಲ್ಲಿ ಉಳಿದಿರುವ ಕುರಿಗಳನ್ನು ಆ ದಿನ ಮೇಯಿಸಿದ ಜಾಗಕ್ಕೆ ಮತ್ತೆ ಬಿಡುವುದು ಬೇಡ. ಪಶುವೈದ್ಯರು ಬಂದಾಗ ಲಸಿಕೆಯ ಮಾತು ಎತ್ತಿ. ಅಂಥ್ರಾಕ್ಸ್ ಲಸಿಕೆ ಜೀವಂತ ಲಸಿಕೆ, ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ. ಯಾವ ಕುರಿಗಾದರೂ ಈಗಾಗಲೇ ಆಂಟಿಬಯೋಟಿಕ್ ಸೂಜಿ ಹಾಕಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಆ ಔಷಧ ಲಸಿಕೆಯನ್ನೂ ಕೊಂದುಬಿಡುತ್ತದೆ, ಕೆಲವು ದಿನ ಬಿಟ್ಟು ಹಾಕಬೇಕಾಗುತ್ತದೆ. ಲಸಿಕೆ ಹಾಕಿಸಿಕೊಂಡ ಕುರಿಯನ್ನು ಆರು ವಾರ ಕೊಯ್ಯುವಂತಿಲ್ಲ. ಹಬ್ಬ ಹತ್ತಿರ ಇದ್ದರೆ ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕುರಿ ಸುಲಿದ ಜಾಗ ಯಾವುದೆಂದು ಮೈದುನನನ್ನು ಕೇಳಿ ಗುರುತು ಮಾಡಿ. ರಕ್ತ ಬಿದ್ದ ಮಣ್ಣನ್ನು ನೀವೇ ಕೆರೆಯಲು ಹೋಗಬೇಡಿ, ಸುತ್ತ ಮುಳ್ಳುಬೇಲಿ ಹಚ್ಚಿ, ಡಾಕ್ಟರಿಗೆ ತೋರಿಸಿ. ಚರ್ಮ ಯಾರಿಗಾದರೂ ಮಾರಿದ್ದರೆ ಅವರ ಹೆಸರನ್ನೂ ಇವತ್ತೇ ಹೇಳಿಬಿಡಿ. ಅವರ ಕೈಯೂ ನೋಡಬೇಕಾಗುತ್ತದೆ.